ಹರಕೆ ಹೊತ್ತ ತಾಯಿ, ಉಸಿರು ಕಟ್ಟಿದ ಮಗಳು

ಚಿಕ್ಕಬಳ್ಳಾಪುರದ ನಮ್ಮ ಭಜನೆ ಮಂದಿರದ ಹುಡುಗರು ಪರೀಕ್ಷೆಯ ಕಾಲಕ್ಕೆಂದು ಒಂದು ವಿಡಿಯೊ ಮಾಡಹೊರಟರು. ಪ್ರಾರ್ಥನೆ, ಧ್ಯಾನದಿಂದ ಮನಸ್ಸಿಗೆ ಸಮಾಧಾನ ತಂದುಕೊಳ್ಳುವ ಬಗೆಯನ್ನು ಹೇಳುವ ಪುಟ್ಟ ಭಾಷಣ. ಹರಿಕಥೆ ಕೇಳಿಕೊಂಡು ಬೆಳೆದವಳಲ್ಲವೇ, ಬರೆಯುವ ಕೆಲಸ ನನ್ನ ತಲೆಗೆ ಬಂತು. ಮಾತಾಡುವವಳು ನನ್ನ ತಂಗಿಯ ಮಗಳು. ಶಿಡ್ಲಘಟ್ಟದಲ್ಲಿ ಎರಡನೇ ಪಿಯುಸಿ, ಒಳ್ಳೆಯ ದನಿ.

ಅವಳನ್ನು ಒಪ್ಪಿಸಿದ್ದು ತಂಗಿ. ಅದರ ಹಿಂದೆ ಸಂಕಟವಿತ್ತು. "ಅಕ್ಕಾ, ಪ್ರಿಪರೇಟರೀಲಿ ಗಣಿತದ ಪೇಪರ್ ನೋಡಿ ಅರ್ಧಕ್ಕೇ ಎದ್ದು ಬಂದ್ಬಿಟ್ಲು. ಬೋರ್ಡ್ ಪರೀಕ್ಷೆಗೆ ಹೋಗೋದೇ ಇಲ್ಲ ಅಂತಾಳೆ. ನಾಲ್ಕು ಜನಕ್ಕೆ ಧೈರ್ಯ ಹೇಳಿದ್ರೆ ಇವಳಿಗೂ ಬರುತ್ತೇನೋ."

ಕಿವಿಗೆಂದೇ ಬರೆದೆ. ಒಂದು ಸಾಲಿಗೆ ಒಂದು ಉಸಿರು, ನಿಲ್ಲಬೇಕಾದ ಕಡೆ ಗೆರೆ. "ನಿತ್ಯ ಪ್ರಾರ್ಥಿಸುವವರ ಬಳಿ ಭಯ ಸುಳಿಯುವುದಿಲ್ಲ. ಕಣ್ಣು ಮುಚ್ಚಿ. ಉಸಿರು ಬಿಗಿಹಿಡಿಯಿರಿ. ಮನಸ್ಸನ್ನು ಖಾಲಿ ಮಾಡಿ." ಓದಿ ನೋಡಿದರೆ ಚೆನ್ನಾಗಿಯೇ ಇತ್ತು.

ಮಂದಿರದಲ್ಲಿ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹುಡುಗನೊಬ್ಬ ನಿಂತ. ಹುಡುಗಿ ಮೊದಲ ಸಾಲುಗಳನ್ನು ಗಂಟೆ ಬಾರಿಸಿದಂತೆ ಹೇಳಿದಳು. ಕಣ್ಣು ಮುಚ್ಚಿ ಉಸಿರು ಹಿಡಿಯುವ ಸಾಲು ಬಂದಾಗ ತಾನೂ ಹಾಗೆ ಮಾಡಿದಳು. ಮುಖ ಬಿಳಿಚಿಕೊಂಡಿತು. ಎದ್ದವಳೇ ಹೊರಗಿನ ಜಗಲಿಯ ಮೇಲೆ ಕುಸಿದಳು. ನಾನು ಓಡಿಹೋಗಿ ಪಕ್ಕದಲ್ಲಿ ಕೂತೆ.

"ಕಣ್ಣು ಮುಚ್ಚಿದ್ರೆ ಆ ಪೇಪರ್ರೇ ಕಾಣುತ್ತೆ ದೊಡ್ಡಮ್ಮ. ದಿನಾ ದೀಪ ಹಚ್ಚಿ ಬೇಡ್ಕೊತೀನಿ, ಆದ್ರೂ ಭಯ ಆಗುತ್ತೆ. ಹಂಗಾದ್ರೆ ನನ್ ಪ್ರಾರ್ಥನೆ ಸುಳ್ಳಾ?"

"ಸುಳ್ಳು ಯಾಕಾಗುತ್ತೆ ಕಣೇ?"

"ನೀವೇ ಬರೆದಿದ್ದೀರಲ್ಲ, ಭಯ ಸುಳಿಯೋದಿಲ್ಲ ಅಂತ." ಮೂಗೊರೆಸಿಕೊಂಡಳು. "ಅಮ್ಮ ಬೇರೆ ಹರಕೆ ಹೊತ್ತವ್ಳೆ. ಡಿಸ್ಟಿಂಕ್ಷನ್ ಬಂದ್ರೆ ತಿರುಪತೀಲಿ ಮುಡಿ ಕೊಡ್ತೀನಿ ಅಂತ. ನಾನು ಫೇಲಾದ್ರೆ ದೇವರಿಗೂ ಲಾಸು."

ನಗು ಬಂತು, ನಗಲಾಗಲಿಲ್ಲ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೀಗೇ. ಮಕ್ಕಳ ಪರೀಕ್ಷೆಗೆ ತಾಯಂದಿರು ಹರಕೆ ಹೊರುತ್ತಾರೆ. ಪ್ರೀತಿಯೇ ಅದು. ಆದರೆ ಈ ಹುಡುಗಿಗೆ ದೇವರ ಮನೆ ಇನ್ನೊಂದು ಪರೀಕ್ಷೆಯ ಹಾಲ್ ಆಗಿತ್ತು. ಅಲ್ಲಿಗೂ ಮಾರ್ಕ್ಸು ತೆಗೆದುಕೊಂಡೇ ಹೋಗಬೇಕು.

ಜಗಲಿಯ ಮೇಲೆ ಕೂತೇ ತಿದ್ದಿದೆವು. ಒಂದೊಂದು ಸಾಲನ್ನೂ ಅವಳು ಮೊದಲು ಮಾಡಿ ನೋಡಬೇಕು. ತಡೆದುಕೊಳ್ಳಲಾಗದ ಸಾಲನ್ನು ಹೊಡೆದುಹಾಕಬೇಕು. ಹೀಗೆ ಉಳಿದದ್ದು:

"ನಿಮಗೆ ಭಯ ಆಗ್ತಿದೆಯಾ? ನನಗೂ ಆಗ್ತಿದೆ. ಪಾದ ನೆಲಕ್ಕೆ ಊರಿ. ಕಣ್ಣು ಮುಚ್ಚಲೇಬೇಕು ಅಂತಿಲ್ಲ, ಎದುರಿಗಿರೋ ಒಂದು ವಸ್ತು ನೋಡಿ. ಮೆಲ್ಲಗೆ ಉಸಿರು ತಗೊಳ್ಳಿ. ಹಿಡೀಬೇಡಿ. ಅದಕ್ಕಿಂತ ನಿಧಾನಕ್ಕೆ ಬಿಡಿ. ಮನಸ್ಸು ಓಡುತ್ತೆ. ಬೈಯದೆ ವಾಪಸ್ ಉಸಿರಿಗೆ ಕರ್ಕೊಂಬನ್ನಿ. ಎಷ್ಟು ಸಲ ಓಡಿದ್ರೂ ಅಷ್ಟೇ. ದೇವರ ಹತ್ರ ಮಾರ್ಕ್ಸ್ ಕೇಳಬೇಡಿ. ಭಯ ಆಗ್ತಿದೆ, ಜೊತೆಗಿರು ಅನ್ನಿ. ಇದು ಓದಿಗೆ ಬದಲಿ ಅಲ್ಲ. ದಿನಾ ಸ್ವಲ್ಪ ಮಾಡಿದ್ರೆ ಹಾಲ್‌ನಲ್ಲಿ ನೆನಪಾಗುತ್ತೆ. ಆದ್ರೂ ತಡೆಯೋಕಾಗದಿದ್ರೆ ಒಬ್ಬರೇ ಇರಬೇಡಿ. ಮನೇಲಿ, ಮೇಷ್ಟ್ರಿಗೆ, ಡಾಕ್ಟರಿಗೆ ಹೇಳಿ."

ಒಳಗೆ ಹೋಗಿ ಮತ್ತೆ ವಿಡಿಯೊ ಹಿಡಿಯುವಾಗ, ಉಸಿರಿನ ಸಾಲುಗಳ ನಡುವೆ ನೋಡುವವರೂ ಉಸಿರಾಡುವಷ್ಟು ಹೊತ್ತು ಸುಮ್ಮನಿರಬೇಕಿತ್ತು. ಮೊಬೈಲ್ ಹುಡುಗ ಚಡಪಡಿಸಿದ.

"ಆಂಟಿ, ಇಷ್ಟೊತ್ತು ಸುಮ್ನಿದ್ರೆ ಜನ ಸ್ಕ್ರೋಲ್ ಮಾಡ್ಕೊಂಡು ಹೋಗ್ತಾರೆ. ಕಟ್ ಮಾಡ್ಲಾ?"

"ಹೋಗೋರು ಹೋಗ್ಲಿ ಕಣಪ್ಪ. ಉಸಿರು ಕಟ್ ಮಾಡ್ಬೇಡ."

ಆ ವಿಡಿಯೊವನ್ನು ತಂಗಿಗೆ ಕಳಿಸಿದೆ. ಹರಕೆಯ ಬಗ್ಗೆ ಮಗಳು ಅಂದದ್ದನ್ನೂ ಮುಚ್ಚಿಡಲಿಲ್ಲ. ಅವಳು ಸಿಟ್ಟಾದಳು. "ದೇವರ ಹತ್ರ ಮಾರ್ಕ್ಸ್ ಕೇಳಬೇಡಿ ಅಂತ ನನಗೇ ಬರೆದ್ಯಾ ಅಕ್ಕ? ಹೊತ್ತ ಹರಕೆ ಬಿಡೋಕಾಗುತ್ತಾ?" ಫೋನಿಟ್ಟಳು. ಆಮೇಲೆ ನಾನು ಮಾಡಿದರೂ ಎತ್ತಲಿಲ್ಲ. ಮಗಳು ಪರೀಕ್ಷೆಗೆ ಹೋಗುತ್ತಾಳೋ ಇಲ್ಲವೋ ಎಂಬುದೂ ತಿಳಿಯಲಿಲ್ಲ.

ಗಣಿತದ ದಿನ ಮನಸ್ಸು ತಡೆಯದೆ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಕಾಲೇಜಿನ ಗೇಟಿನ ಹತ್ತಿರ ತಂಗಿ ನಿಂತಿದ್ದಳು. ತಲೆಯ ಮೇಲೆ ಸೆರಗು. ಗಾಳಿಗೆ ಅದು ಜಾರಿದಾಗ ಕಂಡಿತು: ನುಣ್ಣಗೆ ಬೋಳಿಸಿದ ತಲೆ, ಗಂಧ ಹಚ್ಚಿದ ಗುರುತು.

"ಬಿಡೋಕಾಗಲ್ಲ ಅಂದೆನಲ್ಲ. ಮೊದ್ಲೇ ತೀರಿಸಿಬಿಟ್ಟೆ," ಎಂದಳು. "ಪಾಸೋ ಫೇಲೋ, ನನ್ನದೂ ದೇವರದೂ ಲೆಕ್ಕ ಮುಗೀತು ಅಂತ ಅವಳಿಗೆ ಹೇಳಿದೆ. ನನ್ನ ತಲೆ ಸವರಿ ಒಳಗೆ ಹೋದ್ಲು."

ಅರ್ಧಕ್ಕೆ ಎದ್ದು ಬರುತ್ತಾಳೇನೋ ಎಂದು ಇಬ್ಬರೂ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಕೊನೆಯ ಗಂಟೆ ಹೊಡೆಯಿತು. ಗುಂಪಿನಲ್ಲಿ ಬಂದಳು. ಮುಖ ಬಾಡಿತ್ತು.

"ಭಯ ಬಂತು ದೊಡ್ಡಮ್ಮ. ಕೊನೇವರೆಗೂ ಇತ್ತು," ಎಂದಳು. "ಅದನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಬರೆದೆ."

ಹೇಗೆ ಬರೆದೆ ಎಂದು ಕೇಳಲು ತಂಗಿ ಬಾಯಿ ತೆರೆದಳು. ತೆರೆದವಳು ಸೆರಗು ಸರಿಮಾಡಿಕೊಂಡು, "ಹೊಟ್ಟೆ ಹಸಿದಿರ್ಬೇಕು, ನಡಿಯಮ್ಮ," ಎಂದಳು.