ಅತ್ತೆಯ ಕಣ್ಣು, ಭಾವನ ಅಂಜಿಕೆ

ನಾನು ಗೋಕಾಕದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ನೀತಿಯ ಬಗ್ಗೆ ವಾದ ಮಾಡುವಾಗ ಜನ ಎಲ್ಲಿ ಎಡವುತ್ತಾರೆ ಎನ್ನುವ ಪಾಠ ಪ್ರತಿ ವರ್ಷ ಬರುತ್ತದೆ. ಆ ಪಾಠ ನನ್ನ ಗಂಡನ ಮನೆಯ ಪಡಸಾಲೆಗೂ ಬಂದದ್ದು, ಅತ್ತೆ ತಮ್ಮ ಕಣ್ಣು ದಾನ ಮಾಡುತ್ತೇನೆ ಎಂದ ದಿನ.

ಅತ್ತೆ ಮೂಡಲಗಿಯಲ್ಲಿ ಹಿರಿಯ ಮಗನ, ಅಂದರೆ ನನ್ನ ಭಾವನ ಜೊತೆ ಇದ್ದರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹುಕ್ಕೇರಿಯ ಮಗಳ ಮನೆಗೆ ಹೋದವರು ಅಲ್ಲೇ ಕೆಲವು ವಾರ ಉಳಿದರು. ಆ ಓಣಿಯಲ್ಲಿ ಕಣ್ಣು ಕಾಣದಿದ್ದ ಒಬ್ಬ ಹೆಣ್ಣುಮಗಳಿಗೆ ತೀರಿಕೊಂಡವರೊಬ್ಬರ ಕಣ್ಣಿನ ಪಾರದರ್ಶಕ ಪದರ ಹೊಲಿದಿದ್ದರಂತೆ. ಆಕೆ ಅತ್ತೆಯ ಎದುರಿಗೇ ಕುಳಿತು ಜೋಳ ಹಸನು ಮಾಡುತ್ತ ಹರಳು ಆರಿಸಿದ್ದಳು. ಮೂಡಲಗಿಗೆ ಮರಳಿದ ಮೇಲೆ ಅತ್ತೆ, ಊಟಕ್ಕೆ ಕೂತ ನಮ್ಮೆಲ್ಲರ ಮುಂದೆ, ತಾವೂ ಕಣ್ಣು ಕೊಡುವುದಾಗಿ ಹೇಳಿದರು.

ಭಾವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

"ಯವ್ವಾ, ದೇಹ ಹೆಂಗ ಬಂದೈತಿ ಹಂಗ ಮಣ್ಣಿಗೆ ಹೋಗಬೇಕು. ಅದು ನಿಸರ್ಗದ ನಿಯಮ. ಇವತ್ತ ಕಣ್ಣ ಅಂತಾರ, ನಾಳಿ ಕಿಡ್ನಿ ಅಂತಾರ, ನಾಡದ ಇಡೀ ದೇಹಾನ ಒಯ್ತಾರ. ಕಡೀಕ ಕುಂದ್ರಿಸಿ ಮಣ್ಣ ಕೊಡಾಕ ನಮ್ಮ ಕೈಯಾಗ ಏನ ಉಳಿತೈತಿ?"

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಹೂಳುತ್ತಾರೆ. ಭಾವನಿಗೆ ಅದು ಸಣ್ಣ ಮಾತಲ್ಲ. ಆದರೆ ನನ್ನ ಕಿವಿಗೆ ಆ ಹೊತ್ತು ಬಿದ್ದದ್ದು ಪಾಠದ ಎರಡು ಉದಾಹರಣೆಗಳು ಮಾತ್ರ.

"ಭಾವಾರ, ಅತ್ತಿ ಕಣ್ಣಾಗ ಈಗ ಕುಂದ್ರಿಸಿದ ಲೆನ್ಸ್ ನಿಸರ್ಗದ್ದೇನ್ರಿ? ನಿಸರ್ಗದಾಗ ಇದ್ದದ್ದೆಲ್ಲಾ ಒಳ್ಳೇದೂ ಅಲ್ರಿ, ಇಲ್ಲದ್ದೆಲ್ಲಾ ಕೆಟ್ಟದ್ದೂ ಅಲ್ರಿ. ಎರಡನೇದಕ್ಕ ನಾವು ಜಾರುಬಂಡಿ ವಾದ ಅಂತೇವ್ರಿ. ಒಂದ ಹೆಜ್ಜಿ ಇಟ್ರ ತಳಕ್ಕ ಹೋಗಿ ಬೀಳ್ತೇವಿ ಅನ್ನೂದು."

ನನ್ನ ಗಂಡ ನಕ್ಕರು. ಭಾವ ಕೈ ತೊಳೆದು ಎದ್ದರು.

"ನೋಡವಾ, ನಿಮ್ಮ ಕಾಲೇಜಿನ್ಯಾಗ ಒಂದ ಹೆಸರ ಇಟ್ಟಕೂಡ್ಲೆ ನನ್ನ ಮಾತ ಸುಳ್ಳ ಆಗತೈತೇನ?"

ಅವರು ಹೊಲದ ಕಡೆ ಹೋದರು.

ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ನನಗೆ ಗೊತ್ತಿದ್ದದ್ದೇ. ವಾದ ತಪ್ಪಿದ ಮಾತ್ರಕ್ಕೆ ಅದರ ತೀರ್ಮಾನವೂ ತಪ್ಪಾಗುವುದಿಲ್ಲ. ಲೆನ್ಸಿನ ಮಾತಿನಿಂದ ಭಾವ ಕೊಟ್ಟ ಕಾರಣ ಸಾಲದು ಎಂದು ತೋರಿಸಬಹುದು, ಅಷ್ಟೇ. ಕಣ್ಣು ಕೊಡುವುದು ಸರಿ ಎಂದು ತೋರಿಸಲು ಬೇರೆ ಕಾರಣವೇ ಬೇಕು. ಅದನ್ನು ನಾನು ಹೇಳಿರಲೇ ಇಲ್ಲ.

ಅದೇ ವಾರ ತರಗತಿಯಲ್ಲಿ ಜಾರುಬಂಡಿ ವಾದದ ಪಾಠವಿತ್ತು. ಧುಪದಾಳದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಮೇಡಂ, ಕಾಲಿವಿ ಏರಿಯೊಳಗ ಏಡಿ ಒಂದ ತೂತ ಮಾಡಿದ್ರ ಸಾಕ್ರಿ. ಇವತ್ತ ಹೆಬ್ಬಟ್ಟಿನಷ್ಟ ಇದ್ದದ್ದು ಆಮ್ಯಾಲ ಏರೀನ ಒಡಿತೈತ್ರಿ. ನಮ್ಮಪ್ಪ ಅದನ್ನ ಹೇಳಿದ್ರ ತಪ್ಪ ವಾದೇನ್ರಿ?"

"ಇಲ್ಲ," ಎಂದೆ. ಅಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಒಯ್ಯುವುದು ನೀರು. ನೀರು ಮಣ್ಣನ್ನು ಕೊರೆಯುತ್ತದೆ ಎಂದು ಎಲ್ಲರೂ ಕಂಡಿದ್ದಾರೆ. ಹಂತ ಹಂತಕ್ಕೂ ಕಾರಣವಿದ್ದರೆ ಅದು ಎಚ್ಚರಿಕೆ. ಕಾರಣವನ್ನೇ ಹೇಳದೆ ನೇರ ತಳವನ್ನು ತೋರಿಸಿ ಹೆದರಿಸಿದರೆ ದೋಷ. ಹಾಗಾಗಿ ಇಂಥ ವಾದ ಕೇಳಿದಾಗ ಮೊದಲು ಕೇಳಬೇಕಾದದ್ದು, ಇಲ್ಲಿಂದ ಅಲ್ಲಿಗೆ ಒಯ್ಯುವುದು ಯಾವುದು, ನಡುವೆ ನಿಲ್ಲುವ ಜಾಗ ಇದೆಯೋ ಇಲ್ಲವೋ ಎಂದು.

ಹೇಳಿ ಮುಗಿಸಿದಾಗ, ನಾನು ಭಾವನಿಗೆ ಅದನ್ನು ಕೇಳಿರಲಿಲ್ಲ ಎನ್ನುವುದು ಹೊಳೆಯಿತು.

ಮುಂದಿನ ರವಿವಾರ ಗಂಡನ ಜೊತೆ ಮೂಡಲಗಿಗೆ ಹೋಗಿ ಅದನ್ನೇ ಕೇಳಿದೆ. ಭಾವ ಹಳೆಯದೊಂದು ಸಂಗತಿ ಹೇಳಿದರು. ಹಿಂದೆ ಅವರ ಮಾವನನ್ನು ದೂರದ ಊರಿನ ಒಂದು ದವಾಖಾನೆಗೆ ಸೇರಿಸಿದ್ದರು. ಅಲ್ಲಿಯವರು ಒಂದು ಸಹಿ ಎಂದರು, ಭಾವ ಹಾಕಿದರು. ಆಮೇಲೆ ಇನ್ನೊಂದು, ಮತ್ತೊಂದು. ಯಾವುದಕ್ಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ.

"ಒಂದ ಸಹಿ ಕೊಟ್ರ ಮುಂದಿನದಕ್ಕ ಬ್ಯಾಡ ಅನ್ನಾಕ ಬಾಯಿ ಬರೂದುಲ್ಲವಾ. ನನ್ನ ಅಂಜಿಕಿ ಅದು."

ಹಾಗಾದರೆ ಅವರ ಜಾರುಬಂಡಿಗೆ ನೀರು ಇತ್ತು. ಅದು ನೇತ್ರದಾನದ ಈ ಕಾಲುವೆಯದೇ ಎನ್ನುವುದನ್ನು ಮಾತ್ರ ನೋಡಬೇಕಿತ್ತು.

ಅಷ್ಟರಲ್ಲಿ ನನ್ನ ಗಂಡ ನಡುವೆ ಬಾಯಿ ಹಾಕಿದರು. "ಅಣ್ಣಾ, ಈಗ ಎಲ್ಲಾರೂ ಕೊಡಾಕತ್ತಾರ. ನಾವಷ್ಟ ಹಿಂದ ಉಳಿಯೂದೇನು?"

"ಎಲ್ಲಾರೂ ಮಾಡ್ತಾರ ಅಂತ ಅದು ಸರಿ ಆಗೂದುಲ್ರಿ," ಎಂದೆ. "ಎಲ್ಲಾರೂ ವರದಕ್ಷಿಣಿ ತಗೊಂತಿದ್ರು."

ನಾನು ಗಂಡನ ಮಾತನ್ನೂ ಬಿಡದೆ ಹಿಡಿದದ್ದು ಕಂಡು ಭಾವ ಮೊದಲ ಸಲ ನನ್ನ ಕಡೆ ತಿರುಗಿ ಕೂತರು. ಮೂವರೂ ಅತ್ತೆಯನ್ನು ಕರೆದುಕೊಂಡು ಗೋಕಾಕದ ಕಣ್ಣಿನ ದವಾಖಾನೆಗೆ ಹೋಗುವುದೆಂದು ಆಯಿತು.

ಅಲ್ಲಿ ನೇತ್ರದಾನದ ಕೆಲಸ ನೋಡಿಕೊಳ್ಳುವ ಹೆಣ್ಣುಮಗಳು ಭಾವನ ಪ್ರಶ್ನೆಗೆಲ್ಲ ತಾಳ್ಮೆಯಿಂದ ಉತ್ತರಿಸಿದಳು. ಅವರು ತೆಗೆಯುವುದು ಕಣ್ಣಿನ ಮುಂದಿನ ತೆಳು ಪದರ. ಪೊರೆ ತೆಗೆಸಿಕೊಂಡವರೂ ಕೊಡಬಹುದು. ಮುಖ ಕೆಡುವುದಿಲ್ಲ.

"ಮತ್ತ ಕಿಡ್ನಿ?" ಎಂದರು ಭಾವ.

"ಮನ್ಯಾಗ ತೀರಿಕೊಂಡವರ ಕಿಡ್ನಿ ತಗದ್ರೂ ಉಪಯೋಗ ಇಲ್ರಿ. ರಕ್ತ ಓಡೂದು ನಿಂತಕೂಡ್ಲೆ ಅದು ಕೆಡತೈತಿ. ಮಿದುಳ ಸತ್ತು, ದವಾಖಾನಿಯೊಳಗ ಮಷಿನ್ ಮ್ಯಾಲ ಇದ್ದವರದಷ್ಟ ತಗೀತಾರ್ರಿ. ಇಡೀ ದೇಹ ಕೊಡೂದಕ್ಕ ಬ್ಯಾರೆ ಒಪ್ಪಿಗಿ ಬೇಕ್ರಿ."

"ಇವತ್ತ ಸಹಿ ಹಾಕಿ, ಆ ಹೊತ್ತಿಗೆ ನಾವು ಬ್ಯಾಡ ಅಂದ್ರ?"

"ಮನಿಯವರು ಬ್ಯಾಡ ಅಂದ್ರ ನಾವು ಮುಟ್ಟೂದುಲ್ರಿ."

ಅದನ್ನೇ ಭಾವ ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡರು. ಹೊರಗೆ ಬಂದ ಮೇಲೆ, "ಅಂದ್ರ ನಡುವ ಮುಚ್ಚಾಕ ಬಾಗಲಾ ಅದಾವ," ಎಂದರು.

ಆದರೂ ಒಪ್ಪಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗ, "ಎಲ್ಲಾ ಖರೆ. ಆದ್ರ ಅವ್ವನ ಮ್ಯಾಲ ಯಾರೋ ಕತ್ತರಿ ಇಡೂದು ನನಗ ಸೇರೂದುಲ್ಲ," ಎಂದರು.

ಆಗ ನನಗೆ ತಿಳಿಯಿತು, ಅವರು ಮೊದಲ ದಿನ ನಿಸರ್ಗ ಎಂದದ್ದು ಇದಕ್ಕೆ. ಹೆತ್ತವಳ ದೇಹಕ್ಕೆ ಕೊಡಬೇಕಾದ ಮರ್ಯಾದೆ. ಅದು ತರ್ಕದೋಷವಲ್ಲ, ತೂಗಿ ನೋಡಬೇಕಾದ ಕಾರಣ. ನಿಸರ್ಗ ಎಂಬ ಶಬ್ದ ಅದನ್ನು ಮುಚ್ಚಿಟ್ಟಿತ್ತು. ಇದಕ್ಕೆ ಇಡುವ ಹೆಸರು ನನ್ನ ಹತ್ತಿರ ಇರಲಿಲ್ಲ.

ಉತ್ತರ ಕೊಟ್ಟವರು ಅತ್ತೆ. ಬಸಿಯಲ್ಲಿ ಚಹಾ ಆರಿಸುತ್ತಿದ್ದವರು ಕೆಳಗಿಟ್ಟು ಹೇಳಿದರು.

"ನನ್ನ ದೇಹಕ್ಕ ಮರ್ಯಾದಿ ಕೊಡ್ತಿ, ನನ್ನ ಮಾತಿಗೆ ಕೊಡೂದುಲ್ಲೇನ, ತಮ್ಮಾ? ಹುಕ್ಕೇರಿಯಾಗ ಆ ಹೆಣಮಗಳು ಜ್ವಾಳದಾಗಿನ ಹರಳ ಆರಿಸೂದು ನೋಡೇನಿ. ನನಗ ಅಷ್ಟ ಸಾಕು."

ಭಾವ ಚಹಾದ ದುಡ್ಡು ಕೊಟ್ಟು ಎದ್ದರು. ಮತ್ತೆ ದವಾಖಾನೆಯೊಳಗೆ ಹೋಗಿ ಅತ್ತೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು, ಸಾಕ್ಷಿಗೆ ಭಾವ ಸಹಿ ಹಾಕಿದರು.

ಮರುವರ್ಷ ಒಂದು ಮುಂಜಾನೆ ಅತ್ತೆ ತೀರಿಕೊಂಡರು. ನಾವು ಮೂಡಲಗಿ ಮುಟ್ಟುವುದರೊಳಗೆ ದವಾಖಾನೆಗೆ ಫೋನ್ ಹೋಗಿತ್ತು. ಭಾವನೇ ಮಾಡಿದ್ದರು. ಕಣ್ಣು ಒಣಗದಂತೆ ಫ್ಯಾನ್ ಬಂದ್ ಮಾಡಿ, ತಲೆಯ ಕೆಳಗೆ ದಿಂಬು ಕೊಟ್ಟು, ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಅರಳೆ ಇಟ್ಟಿದ್ದರು. ಬಂದವರು ಕೆಲಸ ಮುಗಿಸಿ ಹೋಗುವವರೆಗೂ ಅವರು ಅದೇ ಕೋಣೆಯಲ್ಲಿ ಗೋಡೆಗೆ ಆತು ನಿಂತಿದ್ದರು. ಮಧ್ಯಾಹ್ನ ಅತ್ತೆಯನ್ನು ಕೂರಿಸಿ, ವಿಭೂತಿ ಹಚ್ಚಿದಾಗ, ಮುಖ ಯಾವಾಗಲೂ ಇದ್ದಂತೆಯೇ ಇತ್ತು.

ಮಣ್ಣು ಕೊಟ್ಟು ಬಂದ ಮೇಲೆ ಸಂಬಂಧಿಕರೊಬ್ಬರು ಕಟ್ಟೆಯ ಮೇಲೆ ಕೂತು ಕೇಳಿದರು. "ಇವತ್ತ ಅವ್ವನ ಕಣ್ಣ ಕೊಟ್ಟಿ. ನಾಳಿ ನಿನ್ನ ದೇಹಾನೂ ಕೊಟ್ಟಬಿಡಾವ ಏನ?"

ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಅದು ಬ್ಯಾರೆ ಮಾತ್ರಿ ಕಾಕಾ. ಅದರ ವಿಚಾರ ಅದು ಬಂದಾಗ ಮಾಡೂಣಂತ."