ಬಾಗಿಲಕ್ಕ ಹಿಡಿದು ಕೂರಿಸಿದ ಹುಡುಗಿ

ರೈಲು ನಿಲ್ದಾಣದಲ್ಲಿ ಹೆಂಗಸರ ವೇಟಿಂಗ್ ರೂಮಿನ ಬಾಗಿಲ ಪಕ್ಕ ಒಂದು ಕಬ್ಬಿಣದ ಕುರ್ಚಿ. ಹದಿನಾಲ್ಕು ವರ್ಷ ರಾತ್ರಿ ಪಾಳಿಯಲ್ಲಿ ಅದರ ಮೇಲೆ ಕೂತವಳನ್ನು ಕೂಲಿಯವರಿಂದ ಹಿಡಿದು ಟಿ.ಸಿ. ತನಕ ಎಲ್ಲರೂ ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ನೆಲ ಒರೆಸುವುದು, ಟಿಕೆಟ್ ನೋಡಿ ಒಳಗೆ ಬಿಡುವುದು, ಇಷ್ಟೇ ಅವಳ ಕೆಲಸ. ಸಂಬಳ ಕೊಡುವವನು ಗುತ್ತಿಗೆದಾರ.

ಇದರ ಮೇಲೆ ಅವಳು ತಾನಾಗಿ ತಲೆಗೆ ಕಟ್ಟಿಕೊಂಡ ಕೆಲಸವೊಂದಿತ್ತು. ಓದೋಕೆ, ಕೆಲಸ ಹುಡುಕೋಕೆ ಅಂತ ಅಪರಾತ್ರಿಯಲ್ಲಿ ಒಂಟಿಯಾಗಿ ಇಳಿದ ಹುಡುಗಿಯರನ್ನು ಬೆಳಕು ಹರಿಯುವ ತನಕ ಒಳಗೇ ಕೂರಿಸಿಕೊಳ್ಳುತ್ತಿದ್ದಳು. ಯಾರಾದರೂ ಕರೆದುಕೊಂಡು ಹೋಗಲು ಬಂದರೆ, ಬಂದವರ ಬಾಯಿಂದಲೇ ಹುಡುಗಿಯ ಹೆಸರು ಹೊರಡಬೇಕು. ಆಮೇಲೆ ಅವಳ ಹಳೇ ನೋಟ್‌ಬುಕ್ಕಿನಲ್ಲಿ ತಮ್ಮ ಹೆಸರು, ಗಾಡಿ ನಂಬರು ಬರೆದು ಲೈಸೆನ್ಸ್ ತೋರಿಸಬೇಕು. ಹುಡುಗಿ ಮನೆಗೆ ಫೋನ್ ಮಾಡಿ, ಬಂದವನ ಕಿವಿಗೆ ಬೀಳುವ ಹಾಗೆ ಆ ನಂಬರನ್ನು ಗಟ್ಟಿಯಾಗಿ ಓದಬೇಕು.

ಈ ಹಟ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನರ್ಸಿಂಗ್ ಓದಲು ಬಂದ ಹುಡುಗಿಯೊಬ್ಬಳನ್ನು, ಕಾಲೇಜಿನವರು ಕಳಿಸಿದ್ದಾರೆ ಎಂದು ಹೇಳಿಕೊಂಡು ಬಂದವನ ಜೊತೆ ಅವಳು ನಗುನಗುತ್ತಾ ಕಳಿಸಿಕೊಟ್ಟಿದ್ದಳು. ಚೀಲ ಎತ್ತಿ ಅವನ ಹೆಗಲಿಗೆ ಹಾಕಿದವಳೂ ಅವಳೇ. ನಾಲ್ಕನೇ ದಿನ ಆ ಹುಡುಗಿಯ ಅಪ್ಪ ಒಂದು ಫೋಟೋ ಹಿಡಿದುಕೊಂಡು ಪ್ಲಾಟ್‌ಫಾರಂ ಉದ್ದಕ್ಕೂ ಕಂಡಕಂಡವರನ್ನು ಕೇಳುತ್ತಾ ಬಂದ. ಕಾಲೇಜಿನವರು ಯಾರನ್ನೂ ಕಳಿಸಿಯೇ ಇರಲಿಲ್ಲವಂತೆ. ಆ ಹುಡುಗಿ ಏನಾದಳೋ ಬಾಗಿಲಕ್ಕನಿಗೆ ಇಂದಿಗೂ ಗೊತ್ತಿಲ್ಲ.

ಇರಲಿ. ಈಗ ಹೇಳಬೇಕಾದದ್ದು ಇನ್ನೊಬ್ಬಳ ವಿಷಯ.

ರಾತ್ರಿ ಒಂಬತ್ತಕ್ಕೆ ಬರಬೇಕಾದ ರೈಲು ಎರಡಕ್ಕೆ ಕಾಲು ಗಂಟೆ ಇರುವಾಗ ಬಂತು. ಹುಡುಗಿಯೊಬ್ಬಳು ಸೂಟ್‌ಕೇಸ್ ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಬೆಳಿಗ್ಗೆ ಒಂಬತ್ತಕ್ಕೆ ಅವಳಿಗೆ ಇಂಟರ್‌ವ್ಯೂ. ಉಳಿಯುವುದು ಒಂದು ಲೇಡೀಸ್ ಹಾಸ್ಟೆಲಿನಲ್ಲಿ. ಫೋನಿನಲ್ಲಿ ಚಾರ್ಜ್ ಮುಗಿದು ಹೋಗಿತ್ತು.

"ಒಳಗೆ ಬಾ ಮಗಳೇ. ಗೋಡೆ ಹತ್ರ ಪ್ಲಗ್ ಇದೆ, ಅಲ್ಲೇ ಕೂತ್ಕೋ. ಹೊರಗೆ ಗಾಡಿಯವರು ನೊಣದ ಹಾಗೆ ಮುತ್ಕೋತಾರೆ," ಎಂದಳು ಬಾಗಿಲಕ್ಕ.

ಹುಡುಗಿ ಕೂತು ಹತ್ತು ನಿಮಿಷ ಆಗಿರಲಿಲ್ಲ, ಐವತ್ತು ದಾಟಿದ ಒಬ್ಬ ಡ್ರೈವರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಮುಖದ ತುಂಬ ನಿದ್ದೆ. ಹುಡುಗಿಯ ಹೆಸರು ಸರಿಯಾಗಿ ಹೇಳಿದ. ಹಾಸ್ಟೆಲಿನಿಂದ ಬಂದಿದ್ದೇನೆ, ಒಂಬತ್ತಕ್ಕೆ ಒಂದು ಸಲ ಬಂದು ವಾಪಸ್ ಹೋಗಿದ್ದೆ ಎಂದ. ಇಂಟರ್‌ವ್ಯೂ ವಿಷಯವೂ ಅವನಿಗೆ ಗೊತ್ತಿತ್ತು.

ಹುಡುಗಿ ಎದ್ದು ನಿಂತೇಬಿಟ್ಟಳು.

"ತಾಳು. ರೈಲಲ್ಲಿ ಯಾರ ಹತ್ರ ಆದ್ರೂ ಇದನ್ನೆಲ್ಲ ಹೇಳಿದ್ಯಾ?" ಎಂದು ಬಾಗಿಲಕ್ಕ ಮೆಲ್ಲಗೆ ಕೇಳಿದಳು.

"ಎದುರು ಸೀಟಿನ ಆಂಟಿ ಹತ್ರ ಮಾತಾಡ್ತಾ ಬಂದೆ."

"ಹಾಸ್ಟೆಲ್ ಹೆಸರು?"

"ಅದೂ ಹೇಳ್ದೆ."

"ಸರಿ ಹೋಯ್ತು. ಇಡೀ ಬೋಗಿಗೆ ನಿನ್ನ ಜಾತಕ ಓದಿ ಬಂದಿದ್ದೀಯ."

ವಾರ್ಡನ್ ನಂಬರು ಕೊಡುತ್ತೇನೆ, ಬೇಕಾದರೆ ಮಾತಾಡಿ ಎಂದು ಡ್ರೈವರ್ ಫೋನ್ ತೆಗೆದ. ಬಾಗಿಲಕ್ಕ ಅದನ್ನು ಮುಟ್ಟಲಿಲ್ಲ. ಬಂದವನು ಕೊಡುವ ನಂಬರಿನ ಆ ಕಡೆ ಅವನವರೇ ಕೂತಿರಬಹುದು. ಹುಡುಗಿಯ ಕೈಯಲ್ಲಿದ್ದ ಹಾಸ್ಟೆಲ್ ರಸೀದಿಯ ಮೇಲಿನ ನಂಬರಿಗೆ ತನ್ನ ಫೋನಿನಿಂದ ಮೂರು ಸಲ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಹುಡುಗಿಯ ಮನೆಗೆ ಮಾಡಿದರೆ ಅವಳ ಅಪ್ಪ, "ಇಲ್ಲಿಂದ ನಂಗೇನು ಗೊತ್ತಾಗುತ್ತೆ ತಾಯಿ, ಅಲ್ಲಿರೋರು ನೀವು," ಎಂದ.

ಬಾಗಿಲಕ್ಕ ನೋಟ್‌ಬುಕ್ ಮುಂದೆ ಚಾಚಿದಳು. "ಇದ್ರಲ್ಲಿ ನಿಮ್ಮ ಹೆಸರು, ಗಾಡಿ ನಂಬರು ಬರೀರಿ ಅಣ್ಣ. ಲೈಸೆನ್ಸ್ ತೋರ್ಸಿ. ಕರ್ಕೊಂಡು ಹೋಗಿ."

ಡ್ರೈವರ್ ಪೆನ್ನು ಹಿಡಿಯಲಿಲ್ಲ. "ಅದೊಂದು ಬೇಡಮ್ಮ. ಹಿಂದೆ ಬಸ್‌ಸ್ಟ್ಯಾಂಡಲ್ಲಿ ಒಬ್ಳು ಹುಡುಗೀನ ಕರ್ಕೊಂಡು ಹೋಗೋಕೆ ಹಿಂಗೇ ಬರ್ಕೊಟ್ಟೆ. ಆ ಹುಡುಗಿ ಸರ ಎಲ್ಲೋ ಕಳ್ಕೊಂಡ್ಲು. ಪೊಲೀಸ್ನೋರು ನನ್ನ ನಾಲ್ಕು ದಿನ ಚೌಕಿಗೆ ಅಲೆಸಿದ್ರು. ಇನ್ನು ಯಾವ ಪುಸ್ತಕಕ್ಕೂ ಹೆಸರು ಹಾಕಲ್ಲ ಅಂತ ಹೆಂಡ್ತಿಗೆ ಮಾತು ಕೊಟ್ಟಿದ್ದೀನಿ."

"ಬರೆಯದೇ ಇರೋಕೆ ಎಲ್ರ ಹತ್ರಾನೂ ಒಂದೊಂದು ಕಥೆ ಇರುತ್ತೆ."

"ಮುಖ ನೋಡಿದ್ರೆ ಗೊತ್ತಾಗಲ್ವಾ ನಿಮ್ಗೆ? ನಂಗೂ ಹೆಣ್ಮಕ್ಕಳಿದ್ದಾರೆ."

"ಮುಖ ನೋಡಿ ಕಳಿಸಿದ್ದು ಒಂದ್ಸಲ ಆಗಿದೆ," ಎಂದಳು ಬಾಗಿಲಕ್ಕ. "ಬರೀರಿ, ಇಲ್ಲಾ ಬೆಳಕಾದ್ಮೇಲೆ ಬನ್ನಿ."

ಅವನು ಹುಡುಗಿಯ ಕಡೆ ನೋಡಿದ. ಹುಡುಗಿ ಬಾಗಿಲಕ್ಕನ ಕಡೆ ನೋಡಿದಳು. ಬಾಗಿಲಕ್ಕ ಹೊಸ್ತಿಲಿಗೆ ಅಡ್ಡ ಕುರ್ಚಿ ಎಳೆದುಕೊಂಡು ಕೂತಳು. ಡ್ರೈವರ್ ಏನೋ ಗೊಣಗಿಕೊಂಡು ಹೊರಟುಹೋದ. ಹೆಸರು ಬರೆಯಿರಿ ಅಂದ ಕೂಡಲೇ ಕಾಲು ಕಿತ್ತನಲ್ಲ ಎಂದು ಅವಳಿಗೆ ಒಳಗೊಳಗೇ ಗೆದ್ದ ಸಮಾಧಾನ.

ಹುಡುಗಿ ಮಾತ್ರ ಸಿಟ್ಟಿನಿಂದ ಅತ್ತಳು. "ನಿಮ್ಗೇನು, ಕೂತಲ್ಲೇ ತೂಕಡಿಸಿ ರೂಢಿ. ಎರಡು ಗಂಟೆ ಮಲಗಿ ಎದ್ದಿದ್ರೆ ನನ್ನ ತಲೆ ಓಡ್ತಿತ್ತು."

"ಬೈಯಿ. ಬೈಸ್ಕೊಂಡು ನಂಗೆ ರೂಢಿ ಇದೆ," ಎಂದು ಬಾಗಿಲಕ್ಕ ತನ್ನ ಶಾಲು ತೆಗೆದು ಅವಳ ಕಾಲ ಮೇಲೆ ಹೊದಿಸಿದಳು. ಐದೂವರೆಯ ಮೊದಲ ಬಸ್ಸಿಗೆ ತಾನೇ ಹತ್ತಿಸಿ, ಇಳಿಯುವ ಜಾಗವನ್ನು ಕಂಡಕ್ಟರಿಗೆ ಎರಡು ಸಲ ಹೇಳಿ ಬಂದಳು.

ಬೆಳಿಗ್ಗೆ ಒಂಬತ್ತಕ್ಕೆ ವಾರ್ಡನ್ ರೈಲು ನಿಲ್ದಾಣಕ್ಕೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ಡ್ರೈವರ್ ಹಾಸ್ಟೆಲಿನವನೇ. ಹನ್ನೆರಡು ವರ್ಷದಿಂದ ಅಲ್ಲೇ ಕೆಲಸ, ಒಂದು ಕಪ್ಪು ಚುಕ್ಕೆ ಇಲ್ಲ. ವಾರ್ಡನ್ ಫೋನಿನ ಸದ್ದು ಅಡಗಿಸಿ ಮಲಗಿದ್ದಳು. ಇಂಟರ್‌ವ್ಯೂಗೆ ಹೋದ ಹುಡುಗಿ ಕಾಯುವ ಬೆಂಚಿನ ಮೇಲೆ ನಿದ್ದೆ ಹೋದಳಂತೆ. ಹೆಸರು ಕರೆದದ್ದು ಕೇಳಿಸಲಿಲ್ಲ. ಆ ಕೆಲಸ ಇನ್ನೊಬ್ಬರಿಗೆ ಹೋಯಿತು. ವಾರ್ಡನ್ ದೂರು ಬರೆದಳು, ಮರುದಿನ ಊರಿಂದ ಬಂದ ಹುಡುಗಿಯ ಅಪ್ಪ ಅದರ ಕೆಳಗೆ ಸಹಿ ಹಾಕಿದ.

ಎರಡು ದಿನ ಬಿಟ್ಟು ಸೂಪರ್‌ವೈಸರ್ ಬಾಗಿಲಕ್ಕನನ್ನು ಕರೆಸಿ, ತಪ್ಪೊಪ್ಪಿಗೆಯ ಕಾಗದವನ್ನು ತಾನೇ ಬರೆದು ಮುಂದಿಟ್ಟ.

"ಓದಿ ಹೇಳಿ ಸಾರ್. ನಾನು ಯಾವ ತಪ್ಪು ಮಾಡಿದ್ದೀನಂತೆ?"

"ಒಳ್ಳೆ ಮನುಷ್ಯನ ಮೇಲೆ ಅನುಮಾನಪಟ್ಟು, ಪ್ಯಾಸೆಂಜರನ್ನ ಹಿಡಿದು ಕೂರಿಸಿದ್ದೀರಿ."

"ಅವ್ರು ಒಳ್ಳೆಯವರು ಅಂತ ನಿಮ್ಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ ಒಂಬತ್ತಕ್ಕೆ."

"ನನ್ನ ಹತ್ರ ಬಂದಾಗ ಎರಡು ಗಂಟೆ ಆಗಿತ್ತು ಸಾರ್."

ಸೂಪರ್‌ವೈಸರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಕೆಟ್ಟವನೇನಲ್ಲ. "ನೋಡಿ ಬಾಗಿಲಕ್ಕ, ಅವ್ನು ಕಳ್ಳ ಆಗಿದ್ದಿದ್ರೆ ನಿಮ್ಗೆ ಹಾರ ಹಾಕ್ತಿದ್ವಿ."

"ಅವ್ರು ಕಳ್ಳ ಆಗಿದ್ರೂ ನಾನು ಮಾಡ್ತಿದ್ದದ್ದು ಇದೇ ಅಲ್ವಾ?"

ಸೂಪರ್‌ವೈಸರ್ ಕಾಗದವನ್ನು ಇನ್ನೊಂದಿಷ್ಟು ಮುಂದಕ್ಕೆ ತಳ್ಳಿದ. ಸಹಿ ಹಾಕದಿದ್ದರೆ ಕೆಲಸವೇ ಇಲ್ಲ. ಬಾಗಿಲಕ್ಕ ಹಾಕಿದಳು.

ಅವಳನ್ನು ಹಗಲು ಪಾಳಿಗೆ, ಪ್ಲಾಟ್‌ಫಾರಂ ಗುಡಿಸಲು ಹಾಕಿದರು. ಇಷ್ಟೆಲ್ಲ ರಗಳೆ ಯಾಕೆಂದು ಹಾಸ್ಟೆಲಿನವರು ರಾತ್ರಿ ಗಾಡಿ ಕಳಿಸುವುದನ್ನೇ ನಿಲ್ಲಿಸಿದರು. ಬಾಗಿಲ ಪಕ್ಕಕ್ಕೆ ಬಂದ ಹೊಸಬಳಿಗೆ ಟಿಕೆಟ್ ಬಿಟ್ಟು ಬೇರೇನೂ ಕೇಳಕೂಡದೆಂದು ಹೇಳಿದ್ದಾರೆ. ಅವಳೂ ಕೇಳುವುದಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು, ಕುಡಿಯುವ ಗಂಡ, ಅವಳಿಗೆ ಅವಳ ಕೆಲಸ ಮುಖ್ಯ.

ಒಂದು ಬೆಳಿಗ್ಗೆ ಬಾಗಿಲಕ್ಕ ಪೊರಕೆ ಹಿಡಿದು ಹೋಗುತ್ತಾ ಅವಳನ್ನು ಮಾತಾಡಿಸಿದಳು. "ರಾತ್ರಿ ಯಾರಾದ್ರೂ ಒಂಟಿ ಹುಡುಗೀರು ಬಂದಿದ್ರೇನೇ?"

"ಒಬ್ಳು ಬಂದಿದ್ಲು ಅಕ್ಕ. ಮೂರು ಗಂಟೆಗೆ ಯಾರೋ ಬಂದು ಕರ್ಕೊಂಡು ಹೋದ್ರು."

"ಯಾರು?"

"ಗೊತ್ತಿಲ್ಲ. ನೋಡೋಕೆ ಒಳ್ಳೆಯವರ ಹಾಗಿದ್ರು."