ತರಗತಿಗೊಂದು ದೃಷ್ಟಿಬೊಟ್ಟು

ದೇವಿಕಾ ಮಿಸ್ ಬೋರ್ಡಿನ ಮೇಲೆ ತ್ರಿಭುಜ ಎಳೆದರೆ ಸಾಕು, ಬಾಗಿಲಲ್ಲಿ ಪ್ರಿನ್ಸಿಪಾಲ್ ಮರುಳಸಿದ್ದಪ್ಪ ಸರ್ ಮೂಡುತ್ತಿದ್ದರು.

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ, ಕಡ್ಡಿರಾಂಪುರಕ್ಕೆ ಸ್ವಲ್ಪ ಮುಂಚೆ ಆ ಖಾಸಗಿ ಶಾಲೆ. ಗೇಟಿನ ಫಲಕದಲ್ಲಿ ಇಂಟರ್‌ನ್ಯಾಷನಲ್ ಎಂದಿದ್ದರೂ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮವೇ ನಡೆಯುತ್ತಿತ್ತು. ದೇವಿಕಾ ಅಲ್ಲಿ ಹತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದಳು. ಸೇರುವ ದಿನವೇ ಅವಳ ಬಿ.ಎಡ್. ಅಂಕಪಟ್ಟಿಗಳ ಅಸಲು ಪ್ರತಿ ಪ್ರಿನ್ಸಿಪಾಲರ ಬೀರುವಿನೊಳಗೆ ಹೋಗಿ ಕೂತಿತ್ತು. ನಡುವರ್ಷದಲ್ಲಿ ಯಾರೂ ಬಿಟ್ಟು ಹೋಗಬಾರದೆಂದು ಶಾಲೆ ಮಾಡಿಕೊಂಡಿದ್ದ ಏರ್ಪಾಡು ಅದು. ಶಾಲೆ ತಾನೇ ಬಿಡಿಸುವುದಕ್ಕೆ ಅಂಥ ತೊಡಕೇನೂ ಇರಲಿಲ್ಲ. ಯಾರ ವಿಷಯದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಹೆಚ್ಚು ಫೇಲಾಗುತ್ತಾರೋ ಅವರಿಗೆ ಜೂನ್‌ನಲ್ಲಿ ಮತ್ತೆ ಕೆಲಸಕ್ಕೆ ಬನ್ನಿ ಎಂಬ ಫೋನ್ ಬರುವುದಿಲ್ಲ, ಅಷ್ಟೆ. ಹಿಂದಿನ ವರ್ಷದ ಗಣಿತದ ಸರ್ ಫೋನಿಗೆ ಕಾದು ಕಾದು ಈಗ ತೋರಣಗಲ್ಲಿನ ಕಡೆ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಲಾರಿಗಳಿಗೆ ಚೀಟಿ ಕೊಡುತ್ತಿದ್ದರಂತೆ.

ಆದ್ದರಿಂದ ದೇವಿಕಾಳಿಗೆ ಆ ವರ್ಷ ಒಂದೇ ಚಿಂತೆ. ಪೂರ್ವಸಿದ್ಧತಾ ಪರೀಕ್ಷೆಯೊಳಗೆ ಥೇಲ್ಸನ ಪ್ರಮೇಯವನ್ನು ಮಕ್ಕಳ ತಲೆಗೆ ಇಳಿಸಬೇಕು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ದೊಡ್ಡ ಪ್ರಶ್ನೆ ಅದು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಮೆಟ್ಟಿಲು. ಒಂದೇ ಉಸಿರಿನಲ್ಲಿ ಹತ್ತಿದರೆ ಮಕ್ಕಳಿಗೆ ಹತ್ತುತ್ತದೆ. ನಡುವೆ ಕಡಿದರೆ ಮತ್ತೆ ಕೆಳಗಿನಿಂದಲೇ ಶುರು ಮಾಡಬೇಕು.

ಅದು ಪ್ರತಿ ಸಲವೂ ರಚನೆಯಲ್ಲೇ ಕಡಿಯುತ್ತಿತ್ತು. ಮೊದಲ ಸಲ ಮರುಳಸಿದ್ದಪ್ಪ ಸರ್ ಮಕ್ಕಳ ಕಾಲುಚೀಲ ನೋಡಲು ಬಂದರು. ಅವರು ಒಳಗೆ ಕಾಲಿಟ್ಟರೆ ಇಡೀ ತರಗತಿ ಎದ್ದು ರಾಗವಾಗಿ ಗುಡ್ ಮಾರ್ನಿಂಗ್ ಹೇಳಬೇಕು. ಅವರು ಕೈ ಬೀಸಿದ ಮೇಲೆ ಅದೇ ರಾಗದಲ್ಲಿ ಥ್ಯಾಂಕ್ ಯೂ ಹೇಳಿ ಕೂರಬೇಕು. ರಾಗ ಹದಕ್ಕೆ ಬಾರದಿದ್ದರೆ ಮತ್ತೆ ಏಳಬೇಕು. ಎರಡನೆಯ ಸಲ ಅವರು ಬರಲೇ ಇಲ್ಲ, ಕ್ಯಾಮೆರಾದಲ್ಲಿ ನೋಡಿ ಬೋರ್ಡಿನ ಮೇಲಿನ ಸ್ಪೀಕರಿನಿಂದ ಮಾತಾಡಿದರು. ಕಿಟಕಿ ಪಕ್ಕದವನು ಆಕಳಿಸುತ್ತಿದ್ದಾನೆಂದು ದೇವರ ಹಾಗೆ ಮೇಲಿನಿಂದ ಧ್ವನಿ ಬಂತು. ಆಕಳಿಕೆಯ ಕೇಡುಗಳ ಬಗ್ಗೆ ಆ ಧ್ವನಿ ಗಂಟೆ ಹೊಡೆಯುವವರೆಗೂ ಮಾತಾಡಿತು. ಮೂರನೆಯ ಸಲ ಪೋಷಕರ ವಾಟ್ಸಾಪ್ ಗುಂಪಿಗೆ ಫೋಟೋ ಬೇಕಾಗಿತ್ತು. ಬೋರ್ಡಿನ ಮೇಲೆ ಬರೀ ಗೆರೆಗಳಿವೆ, ಚಟುವಟಿಕೆ ಕಾಣುತ್ತಿಲ್ಲ ಎಂದು ತ್ರಿಭುಜವನ್ನು ತಾವೇ ಒರೆಸಿದರು. ಮಕ್ಕಳ ಕೈಗೆ ರಟ್ಟಿನ ಶಂಕು, ಘನಗಳನ್ನು ಕೊಟ್ಟು ನಗಲು ಹೇಳಿದರು. ಫೋಟೋ ಚೆನ್ನಾಗಿಯೇ ಬಂತು. ಆನಂದದಿಂದ ಗಣಿತ ಎಂದು ಕೆಳಗೆ ಬರೆದು ಹಾಕಿದರು.

ಎಲ್‌ಕೆಜಿಯ ಅನ್ನಪೂರ್ಣ ಮಿಸ್ ದೇವಿಕಾಳ ಜೊತೆ ಊಟಕ್ಕೆ ಕೂರುವವಳು. ಮೆಟ್ರಿ ಊರಿನವಳು, ಬಾಯಿ ಬಿಗಿ ಹಿಡಿಯುವುದು ಅವಳಿಗೆ ಗೊತ್ತಿರಲಿಲ್ಲ. ಶಾಲೆಯ ಪಕ್ಕದಲ್ಲಿ ಯಾರೋ ಹೋಂಸ್ಟೇ ಕಟ್ಟಿಸುತ್ತಿದ್ದರು. ಅದರ ಎದುರಿಗೆ ಕೋರೆಹಲ್ಲು, ಕೆಂಪು ನಾಲಿಗೆಯ ದೃಷ್ಟಿಗೊಂಬೆ ತೂಗುಹಾಕಿದ್ದರು. ದೇವಿಕಾ ರೊಟ್ಟಿ ಮುರಿಯುತ್ತಾ ತನ್ನ ಗೋಳು ಹೇಳಿಕೊಂಡಾಗ ಅನ್ನಪೂರ್ಣ ಆ ಗೊಂಬೆಯ ಕಡೆ ಬೆರಳು ತೋರಿಸಿದಳು.

“ಆ ಮನಿ ಎಷ್ಟು ಚಂದ ಕಟ್ಯಾರಂತ ನೋಡಿದ್ಯೇನು? ಇಲ್ಲ. ಮದ್ಲು ಅದರ ಮಾರಿ ನೋಡ್ತಿ, ಥೂ ಅಂತಿ, ಮುಂದ ಹೋಗ್ತಿ. ನಿನ್ನ ಕ್ಲಾಸಿಗೂ ಒಂದು ಕಟ್ಟವ್ವ.”

ಅನ್ನಪೂರ್ಣ ತಮಾಷೆಗೆ ಹೇಳಿದ್ದಳು. ದೇವಿಕಾ ಮಾತ್ರ ರಾತ್ರಿಯಿಡೀ ಅದನ್ನೇ ಯೋಚಿಸಿದಳು.

ಮಾರನೆಯ ದಿನ ಅವಳು ಬೋರ್ಡಿನ ಮೂಲೆಯಲ್ಲಿ ದಿನಾಂಕ ಬರೆಯಲಿಲ್ಲ. ಮರುಳಸಿದ್ದಪ್ಪ ಸರ್ ಬಾಗಿಲಿಗೆ ಬಂದರು, ಕಣ್ಣು ನೇರ ಆ ಮೂಲೆಗೆ ಹೋಯಿತು. ದಿನಾಂಕ ಎಲ್ಲಿ ಎಂದರು. ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. ಅವರ ಮುಖದಲ್ಲಿ ಉಂಡು ಎದ್ದವರ ತೃಪ್ತಿ ಕಂಡಿತು. ಒಳಗೆ ಕಾಲಿಡದೆ ಹಾಗೆಯೇ ಮುಂದಿನ ತರಗತಿಗೆ ಹೋದರು.

ದಿನ ಕಳೆದಂತೆ ಅವಳಿಗೆ ಈ ವಿದ್ಯೆಯ ಕಟ್ಟುಪಾಡುಗಳು ತಿಳಿದವು. ತಪ್ಪು ಬಾಗಿಲಿಂದಲೇ ಕಾಣಬೇಕು, ಹುಡುಕಲು ಒಳಗೆ ಬಂದರೆ ಗುಡ್ ಮಾರ್ನಿಂಗ್ ಶುರುವಾಗುತ್ತದೆ. ತೀರ ಚಿಕ್ಕದಾದರೆ ಅದು ಕಣ್ಣಿಗೆ ಬೀಳದೆ ಅವರು ಬೇರೆಯದನ್ನು ಹುಡುಕುತ್ತಾರೆ. ದೊಡ್ಡದಾದರೆ ಆಫೀಸಿಗೆ ಕರೆಯುತ್ತಾರೆ. ಮಗುವಿನ ಮೇಲೆ ಮಾತ್ರ ಎಂದೂ ಹೊರಿಸಬಾರದು. ಒಂದು ದಿನ ಗೋಡೆಯ ನಕ್ಷೆ ಸೊಟ್ಟಗೆ, ಒಂದು ದಿನ ಕಸದಬುಟ್ಟಿ ಬಾಗಿಲಿಗೆ ಅಡ್ಡ, ಒಂದು ದಿನ ಯಾರೂ ಇಲ್ಲದ ಬೆಂಚಿನ ಮೇಲೆ ಸುಮ್ಮನೆ ತಿರುಗುವ ಫ್ಯಾನು. ಸ್ಟಾಫ್ ರೂಮಿನಲ್ಲಿ ಗುಟ್ಟು ನಿಲ್ಲಲಿಲ್ಲ, ಉಳಿದವರೂ ಶುರುಮಾಡಿದರು. ವಿಜ್ಞಾನದ ಲಿಂಗರಾಜ್ ಸರ್ ಆಸೆಗೆ ಬಿದ್ದು ಹಾಜರಿಯನ್ನೇ ತೆಗೆದುಕೊಳ್ಳದೆ ಬಿಟ್ಟರು. ಅವರನ್ನು ಆಫೀಸಿನಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸಿಕೊಂಡರು. “ಡೋಸು ಹೆಚ್ಚಾತ್ರಿ ಮೇಡಂ,” ಎಂದು ಅವರು ಬಂದು ಸಪ್ಪಗೆ ಹೇಳಿದರು.

ಆದರೂ ಪ್ರಮೇಯ ಮುಗಿಯಲಿಲ್ಲ. ತಿದ್ದಿದ್ದು ತಿದ್ದಿದಂತೆಯೇ ಇದೆಯೇ ಎಂದು ನೋಡಲು ಮರುಳಸಿದ್ದಪ್ಪ ಸರ್ ಅದೇ ಪೀರಿಯಡ್ಡಿನಲ್ಲಿ ತಿರುಗಿ ಬರತೊಡಗಿದ್ದರು. ತಿದ್ದಿದ್ದನ್ನು ಕಂಡು ಖುಷಿಯಾಗಿ ಒಳಗೇ ಬಂದು ಬಿಡುತ್ತಿದ್ದರು. ಖುಷಿ ಹೆಚ್ಚಾದಾಗ ತಾವು ಸಂಡೂರಿನಲ್ಲಿ ಓದುವಾಗ ಬರಿಗಾಲಲ್ಲಿ ನಡೆದ ಕಥೆ ಹೇಳುತ್ತಿದ್ದರು.

ಶನಿವಾರ ಪ್ರಿನ್ಸಿಪಾಲರ ಆಫೀಸಿನಲ್ಲಿ ನಡೆದ ಸಭೆಯಲ್ಲಿ ಸಿಡಿಲು ಬಡಿಯಿತು. ಹೇಳಿದ ತಪ್ಪನ್ನು ಎದುರುತ್ತರವಿಲ್ಲದೆ ಆ ಕ್ಷಣವೇ ತಿದ್ದಿಕೊಳ್ಳುವವರು ಇಡೀ ಶಾಲೆಯಲ್ಲಿ ಒಬ್ಬರೇ ಎಂದು ಮರುಳಸಿದ್ದಪ್ಪ ಸರ್ ದೇವಿಕಾಳನ್ನು ಎಬ್ಬಿಸಿ ಚಪ್ಪಾಳೆ ಹೊಡೆಸಿದರು. ಸೋಮವಾರದಿಂದ ಅವಳನ್ನು ಕೋಆರ್ಡಿನೇಟರ್ ಮಾಡಲಾಗಿದೆ, ದಿನಾಲೂ ಮೂರನೆಯ ಪೀರಿಯಡ್ಡಿನಲ್ಲಿ ತಮ್ಮ ಜೊತೆ ಎಲ್ಲ ತರಗತಿಗಳನ್ನು ಸುತ್ತಬೇಕು ಎಂದರು.

ಮೂರನೆಯದೇ ಹತ್ತನೆಯವರ ಗಣಿತದ ಪೀರಿಯಡ್ಡು.

“ಸರ್, ಹತ್ತನೇದೋರ್ದು ಪ್ರಮೇಯ ಇನ್ನೂ ಉಳದೈತ್ರಿ,” ಎಂದಳು ದೇವಿಕಾ.

“ನೋಟ್ಸ್ ಕೊಟ್ಟು ಬರ್ರಿ ಮಿಸ್. ಹುಡುಗರು ಬರ್ಕೊಂತಾವ. ನಾಯಕತ್ವ ಅಂದ್ರ ತ್ಯಾಗ ಇರ್ತೈತಿ.”

ಅವಳು ತನ್ನ ಅಂಕಪಟ್ಟಿಗಳಿದ್ದ ಬೀರುವಿನ ಕಡೆ ನೋಡಿದಳು. ಬೀಗ ಹಾಕಿತ್ತು. ಆಗಲಿ ಸರ್ ಎಂದಳು. ಅಡ್ಡಿ ಮಾಡುವವರನ್ನು ತಪ್ಪಿಸಲು ಹೋಗಿ ಈಗ ತಾನೇ ಅಡ್ಡಿ ಮಾಡುವ ಕೆಲಸಕ್ಕೆ ಸೇರಿದ್ದಳು.

ಸೋಮವಾರ ಸುತ್ತು ಹೊರಟಿತು. ಲಿಂಗರಾಜ್ ಸರ್ ತರಗತಿಯ ಬಾಗಿಲಲ್ಲಿ ನಿಂತಾಗ ಕ್ಯಾಲೆಂಡರ್ ಹೋದ ತಿಂಗಳನ್ನೇ ತೋರಿಸುತ್ತಿತ್ತು. ಅದು ತಾನು ಕಲಿಸಿದ ದೃಷ್ಟಿಬೊಟ್ಟೇ ಎಂದು ದೇವಿಕಾ ಗುರುತಿಸಿದಳು. ಲಿಂಗರಾಜ್ ಸರ್ ಸೀಮೆಸುಣ್ಣ ಹಿಡಿದು ಅವಳನ್ನೇ ನೋಡುತ್ತಿದ್ದರು. ಪ್ರಿನ್ಸಿಪಾಲರ ಕಾಲು ಹೊಸ್ತಿಲು ದಾಟುವ ಮೊದಲೇ ಅವಳು ಕ್ಯಾಲೆಂಡರ್ ಕಡೆ ಕೈ ಮಾಡಿದಳು. ಭೇಷ್ ಎಂದು ಅವರು ತಿರುಗಿಕೊಂಡರು. ಹೀಗೆ ತರಗತಿಗೊಂದು ಬೊಟ್ಟು ತೋರಿಸುತ್ತಾ ಸುತ್ತು ಬಲು ಬೇಗ ಮುಗಿಯಿತು. ಬೇಗ ಮುಗಿದದ್ದಕ್ಕೆ ಮರುಳಸಿದ್ದಪ್ಪ ಸರ್ ಎರಡನೆಯ ಸುತ್ತು ಶುರುಮಾಡಿದರು.

ಆ ಎರಡನೆಯ ಸುತ್ತಿನಲ್ಲಿ ಅವರು ಎಲ್‌ಕೆಜಿಯೊಳಗೆ ಇಣುಕಿದರು. ಅಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಒಬ್ಬ ಹುಡುಗ ಬಂದು ಅವರ ಪ್ಯಾಂಟು ಹಿಡಿದು, ಲೇಸು ಬಿಚ್ಚಿದ ಶೂ ಇದ್ದ ಕಾಲು ಚಾಚಿದ. ಅದು ಎಡಗಾಲಿನದು, ಅವನು ಬಲಗಾಲಿಗೆ ಹಾಕಿಕೊಂಡಿದ್ದ. ತಪ್ಪು ಕಣ್ಣಿಗೆ ಬಿದ್ದ ಮೇಲೆ ಮರುಳಸಿದ್ದಪ್ಪ ಸರ್ ಬಿಡುವವರಲ್ಲ. ಗೇಣುದ್ದದ ಕುರ್ಚಿಯ ಮೇಲೆ ಕೂತು ಸರಿಮಾಡಿದರು. ಅಷ್ಟರಲ್ಲಿ ಇನ್ನೊಂದು ಮಗುವಿನ ಮೂಗು ಸೋರುತ್ತಿತ್ತು. ಒಂದರ ನೀರಿನ ಬಾಟಲಿ ಮತ್ತೊಂದರ ಪುಸ್ತಕದ ಮೇಲೆ ಮಗುಚಿತು. ಮೊದಲನೆಯವನು ಎರಡೂ ಶೂ ಬಿಚ್ಚಿಕೊಂಡು ಮತ್ತೆ ಸಾಲಿನಲ್ಲಿ ಬಂದು ನಿಂತಿದ್ದ. ದೇವಿಕಾ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದಳು. ಗಂಟೆ ಹೊಡೆದರೂ ಪ್ರಿನ್ಸಿಪಾಲರು ಏಳಲಿಲ್ಲ. ಹೊರಗೆ ಬರುವಾಗ ಅಂಗಿಗೆ ಬಣ್ಣದ ಬೆರಳಚ್ಚುಗಳು ಅಂಟಿದ್ದವು. ಹಿಂದೆಂದೂ ಕಾಣದ ನಗು ಮುಖದ ಮೇಲಿತ್ತು.

ಊಟದ ಹೊತ್ತಿಗೆ ದೇವಿಕಾ, ಪ್ರಿನ್ಸಿಪಾಲರನ್ನು ದಿನಾ ಎಲ್‌ಕೆಜಿಗೆ ಕಳಿಸುವ ವಿಷಯವನ್ನು ಅನ್ನಪೂರ್ಣಳ ಮುಂದೆ ಇಟ್ಟಳು. ಅವಳ ತರಗತಿಯನ್ನು ಬಲಿ ಕೊಡುತ್ತಿದ್ದೇನೆಂಬ ಸಂಕೋಚ ಇತ್ತು. ಅನ್ನಪೂರ್ಣ ಕೈ ಒರೆಸಿಕೊಂಡಳು.

“ನಂದೇನು ಪ್ರಮೇಯ ಕೆಡ್ತೈತೇನವ್ವ? ಆಯಾ ಕೊಡ್ರಿ ಅಂತ ಅವ್ರನ್ನ ಕೇಳಿ ಕೇಳಿ ಸಾಕಾಗೈತಿ. ಈಗ ಅವ್ರೇ ಬರ್ತಾರಂದ್ರ ಬ್ಯಾಡ ಅಂತೀನಾ? ಕಳಸು.”

ಮಾರನೆಯ ದಿನ ಬೆಳಿಗ್ಗೆ ದೇವಿಕಾ ಆಫೀಸಿಗೆ ಹೋಗಿ ಕೈ ಕಟ್ಟಿ ನಿಂತಳು. ದೊಡ್ಡ ತರಗತಿಗಳು ಸರ್ ಅವರ ಶ್ರಮದಿಂದ ಒಂದು ಹದಕ್ಕೆ ಬಂದಿವೆ ಎಂದಳು. ಅದು ಅವರಿಗೂ ನಿಜವೆನಿಸಿತು.

“ಎಲ್‌ಕೆಜಿಯಾಗ ಮಾತ್ರ ಭಾಳ ತಪ್ಪು ಅದಾವ್ರಿ ಸರ್. ನನ್ನ ಕಣ್ಣಿಗೆ ಅರ್ಧನೂ ಬೀಳಂಗಿಲ್ರಿ. ಅದಕ್ಕ ತಮ್ಮ ಕಣ್ಣೇ ಬೇಕ್ರಿ.”

ಮರುಳಸಿದ್ದಪ್ಪ ಸರ್ ಗಂಭೀರವಾಗಿ ತಲೆದೂಗಿದರು. ಬುನಾದಿ ಗಟ್ಟಿಯಿರಬೇಕು ಎಂದರು. ಮೂರನೆಯ ಪೀರಿಯಡ್ಡು ಪೂರ್ತಿ ಅಲ್ಲೇ ಇರುವುದಾಗಿಯೂ, ಅಷ್ಟು ಹೊತ್ತು ಹತ್ತನೆಯ ತರಗತಿಯನ್ನು ಅವಳೇ ನೋಡಿಕೊಳ್ಳಬೇಕೆಂದೂ ಅಪ್ಪಣೆ ಕೊಟ್ಟರು. ಹೋಗುವಾಗ ಜೇಬಿನಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡರು.

ಗಂಟೆ ಹೊಡೆಯಿತು. ದೇವಿಕಾ ಹತ್ತನೆಯ ತರಗತಿಗೆ ಬಂದು ಅಭ್ಯಾಸಬಲದಿಂದ ನಕ್ಷೆಯನ್ನು ಸೊಟ್ಟ ಮಾಡಿದಳು. ತ್ರಿಭುಜ ಎಳೆದಳು, ಪಾದಕ್ಕೆ ಸಮಾಂತರವಾಗಿ ನಡುವೆ ಡಿ ಇ ಗೆರೆ ಎಳೆದಳು. ದತ್ತ ಬರೆದಳು. ಸಾಧನೀಯ ಬರೆದಳು. ರಚನೆ ಎಂದು ಬರೆದು, ಬಿ ಇ ಮತ್ತು ಸಿ ಡಿ ಸೇರಿಸಿ ಎಂದಳು. ಲಂಬ ಎಳೆಯಬೇಕು ಎನ್ನುವಾಗ ಅವಳ ಕೈ ತಾನಾಗಿಯೇ ನಿಂತಿತು. ಇಡೀ ತರಗತಿಯ ತಲೆಗಳು ಬಾಗಿಲ ಕಡೆ ತಿರುಗಿದವು. ಕೆಲವರು ಏಳಲು ಬೆಂಚಿನಂಚಿಗೆ ಸರಿದಿದ್ದರು.

ಯಾರೂ ಬರಲಿಲ್ಲ. ಸ್ಪೀಕರಿನಲ್ಲೂ ಸದ್ದಿಲ್ಲ. ಕೆಳಗಿನ ಎಲ್‌ಕೆಜಿಯಿಂದ ಮರುಳಸಿದ್ದಪ್ಪ ಸರ್ ದನಿ ಕೇಳಿಸಿತು. ಅದು ಎಡಗಾಲು, ಅದಲ್ಲೋ, ಆ ಕಾಲು ಎನ್ನುತ್ತಿದ್ದರು.

ಮುಂದಿನ ಬೆಂಚಿನ ತುಳಸಿ, ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ, ಪೆನ್ನಿನ ಮುಚ್ಚಳ ತೆಗೆದಳು.

“ಮುಂದ ಏನ್ರಿ ಮಿಸ್? ಇಲ್ಲಿಂದ ಮುಂದಕ್ಕ ನಾವು ಹೋಗೇ ಇಲ್ರಿ.”

ದೇವಿಕಾ ಎರಡೂ ಲಂಬ ಎಳೆದಳು. ಎ ಡಿ ಇ ತ್ರಿಭುಜವನ್ನು ಅದರ ಪಕ್ಕದ ಎರಡು ತ್ರಿಭುಜಗಳಿಗೂ ಹೋಲಿಸಿ ವಿಸ್ತೀರ್ಣಗಳ ಅನುಪಾತ ಬರೆದಳು. ಸಮನಾದ ಎತ್ತರಗಳು ಹೊಡೆದುಹೋಗಿ ಬಾಹುಗಳು ಉಳಿದವು. ಕೊನೆಗೆ, ಪಕ್ಕದ ಆ ಎರಡೂ ತ್ರಿಭುಜಗಳು ನಿಂತಿರುವುದು ಎಲ್ಲಿ ಎಂದು ಕೇಳಿದಳು. ಒಂದೇ ಪಾದದ ಮೇಲೆ, ಅವೇ ಸಮಾಂತರ ಗೆರೆಗಳ ನಡುವೆ ಎಂದು ತುಳಸಿ ನಿಧಾನವಾಗಿ ಹೇಳಿದಳು. ಹಾಗಾದರೆ ಎಂದಳು ದೇವಿಕಾ. ಹಾಗಾದರೆ ಅವುಗಳ ವಿಸ್ತೀರ್ಣ ಸಮ ಎಂದು ಹಿಂದಿನ ಬೆಂಚಿನಿಂದಲೂ ಉತ್ತರ ಬಂತು.

ಎರಡು ಅನುಪಾತಗಳ ನಡುವೆ ಸಮಚಿಹ್ನೆ ಹಾಕಿ ಅವಳು ಪಕ್ಕಕ್ಕೆ ಸರಿದು ನಿಂತಳು. ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವಳಿಗೆ ಹೊಳೆಯಲಿಲ್ಲ, ಹಾಗೆ ಹೊತ್ತು ಹಿಂದೆಂದೂ ಉಳಿದದ್ದೇ ಇರಲಿಲ್ಲ. ಬೋರ್ಡನ್ನು ಪೂರ್ತಿ ಒರೆಸಿ, ತುಳಸಿಯನ್ನು ಕರೆದು ಸೀಮೆಸುಣ್ಣ ಅವಳ ಕೈಗೆ ಕೊಟ್ಟಳು. ಆಮೇಲೆ ಹೋಗಿ ನಕ್ಷೆಯನ್ನು ನೆಟ್ಟಗೆ ಮಾಡಿದಳು.